ಪ್ರೋಟೀನ್ ಪೌಡರನ್ನು ಫ್ರಿಜ್ಜಿನಲ್ಲಿ ಇಡಬೇಡಿ ಮಾರಾಯ್ರೇ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿದ್ದೆ. ತಮ್ಮ ಫ್ರಿಜ್ಜಿನಿಂದ ಎರಡು ಕಿಲೋದ ವೇ ಪ್ರೋಟೀನ್ ಡಬ್ಬಿ ತೆಗೆದ. ಸ್ಕೂಪ್ ಒಳಗೆ ಇಳಿಯಲೇ ಇಲ್ಲ. ಪೌಡರ್ ಒದ್ದೆ ಗಟ್ಟಿ ಹೆಂಟೆಯಾಗಿತ್ತು, ಮುಗ್ಗಲು ವಾಸನೆ ಬೇರೆ. "ಮಳೆಗಾಲ ಅಲ್ವಾ ಅಣ್ಣಾ, ಹಾಳಾಗಬಾರದು ಅಂತಲೇ ಫ್ರಿಜ್ಜಿನಲ್ಲಿಟ್ಟೆ" ಅಂದ.

ಹಾಳಾಗಿದ್ದೇ ಅದರಿಂದ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಹೊರಗೆ ಹೇಗೆ ಬೆವರುತ್ತದೆ, ನೋಡಿದ್ದೀರಲ್ಲ? ತಣ್ಣಗಿನ ಡಬ್ಬಿಯ ಮುಚ್ಚಳ ತೆರೆದರೆ ನಮ್ಮ ಮಂಗಳೂರಿನ ಜುಲೈ ಗಾಳಿ ಒಳಗೆ ನುಗ್ಗಿ, ಪೌಡರಿನ ಮೇಲೆಯೇ ಹಾಗೆ ನೀರಾಗುತ್ತದೆ. ದಿನಾ ಒಂದು ಸಲ. ವೇಯಲ್ಲಿ ಹಾಲಿನ ಸಕ್ಕರೆ ಇದೆ, ಅದು ಆ ನೀರನ್ನು ಹೀರಿಕೊಂಡು ಅಂಟಾಗುತ್ತದೆ. ಕಾನ್ಸಂಟ್ರೇಟ್ ಎಂಬ ಬಗೆಯ ವೇಯಲ್ಲಿ ಈ ಸಕ್ಕರೆ ಜಾಸ್ತಿ, ಇನ್ನಷ್ಟು ಶುದ್ಧ ಮಾಡಿದ ಐಸೋಲೇಟಿನಲ್ಲಿ ಕಡಿಮೆ.

ತಂಪಿನಲ್ಲಿ ಕೊಬ್ಬು ನಿಧಾನವಾಗಿ ಕೆಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಿಜ, ಸೀಲ್ ಒಡೆಯದ ಡಬ್ಬಿಗೆ ಸರಿ. ಹೊರಗೆ ತೆಗೆದ ಮೇಲೆ ಅದು ಪೂರ್ತಿ ಬೆಚ್ಚಗಾಗುವ ತನಕ ಕಾದು ತೆರೆಯಬೇಕು. ಬೆಳಿಗ್ಗೆ ಜಿಮ್ಮಿಗೆ ಓಡುವವರು ಯಾರು ಕಾಯುತ್ತಾರೆ?

ನಾನೂ ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಹೋದ ವರ್ಷ ಡಬ್ಬಿಯನ್ನು ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿಟ್ಟಿದ್ದೆ. ಬೆಚ್ಚಗಿದ್ದರೆ ಒಣಗಿರುತ್ತದೆ ಅಂದುಕೊಂಡೆ. ಕುಕ್ಕರಿನ ಹಬೆ ನೇರ ಅಲ್ಲಿಗೇ ಹೋಗುತ್ತದೆ ಅಂತ ಹೊಳೆಯಲೇ ಇಲ್ಲ. ಬಣ್ಣ ಹಳದಿ ತಿರುಗಿತು, ಹಳೇ ತೆಂಗಿನೆಣ್ಣೆಯ ಹಾಗೆ ಕಮಟು ವಾಸನೆ ಬಂತು. ಬಿಸಿಲು ಕಂಡ ದಿನ ಒಣಗಿಸಿದೆ, ಕಮಟು ಇನ್ನೂ ಹೆಚ್ಚಿತು.

ಈಗ ನಾನು ಮಾಡುವುದು ಇಷ್ಟೇ. ಎರಡು ಕಿಲೋ ಪೌಡರ್, ದಿನಕ್ಕೊಂದು ಸ್ಕೂಪ್ ಅಂದರೆ ಸುಮಾರು ಎರಡು ತಿಂಗಳು ಬರುತ್ತದೆ. ಅಷ್ಟೂ ದಿನ ಒಂದೇ ಡಬ್ಬಿ ತೆರೆಯುತ್ತಿದ್ದರೆ ಅಷ್ಟೂ ಪೌಡರಿಗೆ ಗಾಳಿ ತಾಗುತ್ತದೆ. ಅದಕ್ಕೇ ತಂದ ದಿನವೇ ರಬ್ಬರ್ ಉಂಗುರದ ಮುಚ್ಚಳವಿರುವ ನಾಲ್ಕು ಭರಣಿಗಳಿಗೆ ಅರ್ಧರ್ಧ ಕಿಲೋ ತುಂಬಿಸುತ್ತೇನೆ. ಭರಣಿ ತೊಳೆದು ಒಂದು ದಿನ ಒಣಗಿರಬೇಕು. ಎಸಿ ಹಾಕಿದ ಕೋಣೆಯಲ್ಲಿ ತುಂಬಿಸಿದರೆ ಒಳ್ಳೆಯದು, ಅಲ್ಲಿಯ ಗಾಳಿ ಒಣಗಿರುತ್ತದೆ. ಹದಿನೈದು ದಿನಕ್ಕೆ ಒಂದೇ ಭರಣಿ ತೆರೆಯುತ್ತೇನೆ, ಉಳಿದ ಮೂರು ಕತ್ತಲಿನ ಕಪಾಟಿನಲ್ಲಿ. ಸ್ಟೀಲ್ ಡಬ್ಬಿ ಬೇಡ, ಅದರ ಮುಚ್ಚಳದ ಸಂದಿಯಲ್ಲಿ ಗಾಳಿ ಆಡುತ್ತದೆ. ತೊಳೆದ ಸ್ಕೂಪನ್ನು ಒದ್ದೆಯಾಗಿಯೇ ಒಳಗೆ ಹಾಕಲೇಬೇಡಿ.

ಹೆಂಟೆ ಕಂಡ ಕೂಡಲೇ ಎಸೆಯಬೇಕಿಲ್ಲ. ಬೆರಳಲ್ಲಿ ಒತ್ತಿದರೆ ಪುಡಿಯಾಗಿ, ಬಣ್ಣ ವಾಸನೆ ಸರಿಯಿದ್ದರೆ ಬಳಸಬಹುದು. ಒದ್ದೆಯಾಗಿದ್ದರೆ, ಮುಗ್ಗಲು ಅಥವಾ ಕಮಟು ಬಂದರೆ ಜರಡಿ ಹಿಡಿದು ಪ್ರಯೋಜನವಿಲ್ಲ.

ತಮ್ಮನ ಡಬ್ಬಿಯಲ್ಲಿ ಇನ್ನೂ ಒಂದೂವರೆ ಕಿಲೋ ಇತ್ತು. ಸುಮ್ನೆ ಎಸೆಯುವುದೇಕೆ, ದನಕ್ಕೆ ಹಾಕುವ ಅಂದರು ಚಿಕ್ಕಮ್ಮ. ಅದಕ್ಕೂ ಬೇಡ ಅಂದೆ.