ಭಾವನವರ ಹೆಬ್ಬೆರಳು

ಭಾನುವಾರ ರಾತ್ರಿ ಒಂಬತ್ತೂವರೆಗೆ, ಮರುದಿನದ ಬೆಂಗಳೂರು ರೈಲಿಗೆಂದು ಬುತ್ತಿಯ ಡಬ್ಬ ತೊಳೆದಿಟ್ಟು ಇನ್ನೇನು ಮಲಗಬೇಕು ಎನ್ನುವಾಗ, ಕ್ಯಾತ್ಸಂದ್ರದಿಂದ ಭಾವನವರ ವಾಟ್ಸಾಪ್ ಸಂದೇಶ ಬಂದಿತು. ಒಂದು ಫೋಟೊ, ಅದರ ಕೆಳಗೆ ಎರಡು ಪ್ರಶ್ನೆ: "ಇದು ಯಾವ ಕಂಪನಿಯದು? ನಮ್ಮ ಬೋಂಡನಿಗೆ ಆಗುತ್ತದೆಯೇ?" ಫೋಟೊದಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರಿನೊಳಗೆ ಒಂದೂವರೆ ಹಿಡಿಯಷ್ಟು ಕಂದು ಬಣ್ಣದ ಉರುಟು ಕಾಳುಗಳಿದ್ದವು. ಹುರಿದ ಕಡಲೆಬೀಜ ಎಂದರೆ ಹೌದೆನ್ನಬಹುದು, ಹುಣಿಸೆಬೀಜ ಎಂದರೂ ಹೌದೆನ್ನಬಹುದು.

ಬೋಂಡ ಎಂದರೆ ಎರಡೂವರೆ ತಿಂಗಳ ಲ್ಯಾಬ್ರಡಾರ್ ಮರಿ. ಅದನ್ನು ಬೆಂಗಳೂರಿನಿಂದ ತಂದು ಮೂರು ದಿನವಾಗಿತ್ತು. ಮರಿ ಕೊಟ್ಟವರು ಅದರ ಜೊತೆಗೆ ಮೂರು ದಿನಕ್ಕಾಗುವಷ್ಟು ಒಣ ಆಹಾರವನ್ನು ಹೆಸರಿಲ್ಲದ ಕವರಿನಲ್ಲಿ ಕಟ್ಟಿಕೊಟ್ಟು, "ಇದನ್ನೇ ಮುಂದುವರಿಸಿ" ಎಂದು ಅಪ್ಪಣೆ ಮಾಡಿ ಕಳುಹಿಸಿದ್ದರು. ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಅವರೂ ಹೇಳಲಿಲ್ಲ, ಭಾವನವರೂ ಕೇಳಲಿಲ್ಲ. ಏಕೆಂದರೆ ಭಾವನವರ ಪಾಲಿಗೆ ನಾಯಿಗೆ ಹಾಕುವ ಒಣ ಆಹಾರವೆಲ್ಲವೂ ಒಂದೇ ಹೆಸರಿನದು. ವನಸ್ಪತಿಗೆಲ್ಲ ಡಾಲ್ಡಾ ಎಂದೂ ನಕಲು ಪ್ರತಿಗೆಲ್ಲ ಜೆರಾಕ್ಸ್ ಎಂದೂ ಹೇಳುವ ಹಾಗೆ, ಅದಕ್ಕೂ ಒಂದು ಕಂಪನಿಯ ಹೆಸರು ಅಂಟಿಕೊಂಡುಬಿಟ್ಟಿದೆ.

ನಾನು ಹಿಂದೆ ಎರಡು ನಾಯಿ ಸಾಕಿದ್ದೆನೆಂಬ ಒಂದೇ ಕಾರಣಕ್ಕೆ ನಮ್ಮ ಬಂಧುಬಳಗದಲ್ಲಿ ಅರೆ ಪಶುವೈದ್ಯನೆಂಬ ಪದವಿ ಪಡೆದಿದ್ದೇನೆ. ಆದರೂ ಬಿಡಿ ಕಾಳಿನ ಬಣ್ಣ ಮತ್ತು ಆಕಾರ ನೋಡಿ ಕಂಪನಿಯ ಹೆಸರು ಹೇಳುವ ವಿದ್ಯೆ ನನಗಲ್ಲ, ಯಾರಿಗೂ ಇರಲಾರದು. ಹಿಟ್ಟಿನ ಮಿಶ್ರಣವನ್ನು ಬೇಯಿಸಿ, ಅಚ್ಚಿನಿಂದ ಒತ್ತಿ, ಕತ್ತರಿಸಿ, ಒಣಗಿಸಿ ಮಾಡುವ ಪದಾರ್ಥವದು. ಒಂದೇ ಬಗೆಯ ಅಚ್ಚು ಹಲವು ಕಂಪನಿಗಳಲ್ಲಿರುತ್ತದೆ, ಒಂದೇ ಕಂಪನಿಯ ಮರಿಯ ಆಹಾರವೂ ದೊಡ್ಡ ನಾಯಿಯ ಆಹಾರವೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ಇದನ್ನೆಲ್ಲ ವಿವರಿಸಿ, "ಚೀಲದ ಫೋಟೊ ಬೇಕು ಭಾವ, ಕಾಳಿನದಲ್ಲ" ಎಂದು ಬರೆದೆ. "ಅನುಭವಸ್ಥನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ?" ಎಂದು ಉತ್ತರ ಬಂದಿತು. ಕಾಳು ಸರಿಯಾಗಿ ಕಾಣಲಿಲ್ಲವೇನೋ ಎಂದು ಒಂದೇ ಒಂದು ಕಾಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಫೋಟೊವನ್ನೂ ಕಳುಹಿಸಿದರು.

ಸೋಮವಾರ ಮರಿ ಕೊಟ್ಟವರಿಗೆ ಫೋನು ಮಾಡಿದಾಗ ಅವರು "ಕೆಂಪು ಚೀಲ" ಎಂದರಂತೆ. ಭಾವನವರು ಸಂಜೆಯೇ ಪೇಟೆಗೆ ಹೋಗಿ ಕೆಂಪು ಚೀಲ ಕೇಳಿದರು. ಅಂಗಡಿಯಲ್ಲಿ ಕೆಂಪು ಚೀಲಗಳು ಮೂರು ಬಗೆಯವಿದ್ದವು. ಅಂಗಡಿಯವರು ಕವರಿನೊಳಗಿನ ಕಾಳನ್ನು ಮೂಸಿ ನೋಡಿ, "ಇದೇ ಸರ್, ಎಲ್ಲ ನಾಯಿಗೂ ಇದೇ ಹೋಗುತ್ತದೆ" ಎಂದು ಒಂದನ್ನು ಕೈಗಿತ್ತರು. ಆಗ ಭಾವನವರು ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನನಗಾಗಿ ಫೋಟೊ ತೆಗೆದರು.

ಆ ಫೋಟೊದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚೀಲದ ಮುಂಭಾಗದಲ್ಲಿ ಕಂಪನಿಯ ಹೆಸರು ಸ್ಪಷ್ಟವಾಗಿತ್ತು. ಅದರ ಕೆಳಗೆ ನಾಲಿಗೆ ಚಾಚಿ ನಗುವ ನಾಯಿಯಿತ್ತು, ಕೋಳಿಯ ಚಿತ್ರವಿತ್ತು, ಅನ್ನದ ಚಿತ್ರವಿತ್ತು. ಇವೆಲ್ಲದರ ನಡುವೆ ಮರಿಗೋ ದೊಡ್ಡ ನಾಯಿಗೋ ಎಂದು ತಿಳಿಸುವ ಒಂದೇ ಒಂದು ಪದವಿರುತ್ತದಲ್ಲ, ಅದರ ಮೇಲೆ ಸರಿಯಾಗಿ, ಅಳತೆ ತೆಗೆದು ಇಟ್ಟಂತೆ, ಭಾವನವರ ಹೆಬ್ಬೆರಳಿತ್ತು. ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಎಣಿಸಿದ ಹೆಬ್ಬೆರಳು ಅದು. ಅಗಲವೂ ಅದಕ್ಕೆ ತಕ್ಕಂತೆಯೇ ಇದೆ. "ಬೆರಳು ಸರಿಸಿ ತೆಗೆಯಿರಿ" ಎಂದೆ. ಸರಿಸಿದರು. ಬೆರಳು ಆ ಪದವನ್ನು ಬಿಟ್ಟು ತೂಕದ ಮೇಲೆ ಹೋಯಿತು, ಚೀಲ ಜಾರಿ ಮಡಿಕೆ ಬಿದ್ದು ಆ ಪದ ಮಡಿಕೆಯೊಳಗೆ ಹೋಯಿತು. "ಹಿಂಭಾಗ ತೆಗೆಯಿರಿ" ಎಂದೆ. ಹಿಂಭಾಗದ ಫೋಟೊದಲ್ಲಿ ಅಂಗಡಿಯ ಟ್ಯೂಬ್‌ಲೈಟು ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಪೋಷಕಾಂಶಗಳ ಪಟ್ಟಿ ಬೆಳ್ಳಗಾಗಿತ್ತು. ಆ ಬೆಳಕಿನಿಂದ ಪಾರಾಗಿ ಓದಲು ಸಿಗುತ್ತಿದ್ದುದು ಗ್ರಾಹಕ ಸಹಾಯವಾಣಿಯ ಸಂಖ್ಯೆಯೊಂದೇ. ಉಳಿದ ಮೂಲೆಯಲ್ಲಿ, ಹೇಳಬೇಕಾದ್ದಿಲ್ಲ, ಹೆಬ್ಬೆರಳಿತ್ತು.

ಕಂಪನಿಯ ಹೆಸರು ಸಿಕ್ಕಿತಲ್ಲ, ಸಾಕಲ್ಲವೇ ಎಂದು ಅಕ್ಕ ಕೇಳಿದಳು. ಸಾಲದು. ಮುಂಭಾಗದ ಫೋಟೊ ಕೊಟ್ಟು ಅಂತರ್ಜಾಲದಲ್ಲಿ ಹುಡುಕಿದರೆ ಹೆಸರೇನೋ ಥಟ್ಟನೆ ಸಿಗುತ್ತದೆ. ಆದರೆ ಒಂದೇ ಕಂಪನಿಯು ಮರಿಗೆ, ದೊಡ್ಡ ನಾಯಿಗೆ, ಚಿಕ್ಕ ತಳಿಗೆ, ದೊಡ್ಡ ತಳಿಗೆ ಎಂದು ಒಂದೇ ಬಣ್ಣದ ಚೀಲದಲ್ಲಿ ನಾಲ್ಕಾರು ಬಗೆ ಮಾರುತ್ತದೆ. ಹುಡುಕಾಟವು ಅವುಗಳಲ್ಲಿ ಯಾವುದನ್ನು ತಂದು ನಿಲ್ಲಿಸುತ್ತದೆ ಎಂಬುದು ಅದೃಷ್ಟದ ಮಾತು. ಮನೆ ಸಿಕ್ಕಿತು, ಮನೆಯಲ್ಲಿ ಯಾರು ಬೇಕು ಎಂಬುದು ಸಿಗಲಿಲ್ಲ. ಚೀಲದ ಮೇಲೆ ಮರಿಯ ಚಿತ್ರವಿದೆಯೆಂಬುದೂ ಸಾಕ್ಷಿಯಲ್ಲ. ಹಿಂಭಾಗದಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯವಿರುತ್ತದೆ: ಈ ಆಹಾರವು ಬೆಳವಣಿಗೆಯ ಹಂತಕ್ಕೆ ಸಂಪೂರ್ಣ ಆಹಾರ ಎಂದೋ, ಎಲ್ಲ ಹಂತಗಳಿಗೂ ಎಂದೋ, ಬೆಳೆದ ನಾಯಿಯ ನಿರ್ವಹಣೆಗೆ ಎಂದೋ, ಅಥವಾ ಬರೀ ಪೂರಕ ಆಹಾರ ಎಂದೋ ಅದು ಹೇಳುತ್ತದೆ. ಮೊದಲ ಎರಡಾದರೆ ಮರಿಗೆ ಆಗುತ್ತದೆ. ಮೂರನೆಯದಾದರೆ ಚೀಲ ಅಂಗಡಿಯಲ್ಲಿಯೇ ಇರಲಿ. ನಾಲ್ಕನೆಯದು ಊಟವಲ್ಲ, ಕುರುಕಲು.

ಮಂಗಳವಾರ ಬೆಳಿಗ್ಗೆ ರೈಲಿನಲ್ಲಿ ನಿಂತುಕೊಂಡೇ ಭಾವನವರಿಗೆ ಪಾಠ ಹೇಳಿದೆ. ಚೀಲವನ್ನು ಮೇಜಿನ ಮೇಲೆ ಮಲಗಿಸಬೇಕು, ಮಡಿಕೆಯನ್ನು ಸವರಿ ಬಿಡಿಸಬೇಕು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಬೇಕು, ಫ್ಲ್ಯಾಶ್ ಆರಿಸಬೇಕು, ಫೋಟೊವನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು. ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ, ಸಣ್ಣ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಪಕ್ಕದಲ್ಲಿ ನಿಂತಿದ್ದ ಸಹಪ್ರಯಾಣಿಕರು ನಾನು ಯಾವುದೋ ಜಮೀನಿನ ಪತ್ರದ ವಿಚಾರ ಮಾತನಾಡುತ್ತಿದ್ದೇನೆಂದು ಭಾವಿಸಿ, ನೋಂದಣಿಯಾಗಿದೆಯೇ ಎಂದು ಕೇಳಿದರು.

ಮಧ್ಯಾಹ್ನ ಓದಲಾಗುವ ಫೋಟೊ ಬಂದಿತು. ತೆಗೆದವಳು ಅಕ್ಕ. ಪ್ರೋಟೀನ್ ಕನಿಷ್ಠ ಶೇಕಡಾ 20, ಕೊಬ್ಬು ಕನಿಷ್ಠ 10, ತೇವಾಂಶ ಗರಿಷ್ಠ 10. ಕೆಳಗಿನ ವಾಕ್ಯ: ಬೆಳೆದ ನಾಯಿಗಳಿಗೆ. ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಭಾವನವರ ಮಟ್ಟಿಗೆ ಶುರುವಾಯಿತು. "20 ಎಂದರೆ ಕಡಿಮೆಯೇ? ರಾಗಿಯಲ್ಲಿ ಅಷ್ಟು ಇದೆಯೇ?" ಎಂದು ಫೋನಿನಲ್ಲೇ ವಾದಕ್ಕೆ ನಿಂತರು.

ರಾಗಿಯ ಮಾತು ಅವರೇ ಎತ್ತಿದ್ದರಿಂದ ರಾಗಿಯಲ್ಲಿಯೇ ಉತ್ತರ ಕೊಟ್ಟೆ. ಮುದ್ದೆ ಮತ್ತು ಅಂಬಲಿಯನ್ನು ಪಕ್ಕಪಕ್ಕದಲ್ಲಿಟ್ಟು ಯಾವುದರಲ್ಲಿ ಸತ್ವ ಹೆಚ್ಚು ಎಂದು ನೋಡಬೇಕಾದರೆ ನೀರು ತೆಗೆದು ಹಿಟ್ಟನ್ನು ಮಾತ್ರ ಲೆಕ್ಕ ಹಿಡಿಯಬೇಕಲ್ಲವೇ, ಇಲ್ಲಿಯೂ ಹಾಗೆಯೇ. ನೂರು ಗ್ರಾಂ ಕಾಳಿನಲ್ಲಿ ಹತ್ತು ಗ್ರಾಂ ನೀರು ಹೋದರೆ ತೊಂಬತ್ತು ಉಳಿಯಿತು. ತೊಂಬತ್ತರಲ್ಲಿ ಇಪ್ಪತ್ತು ಎಂದರೆ ಶೇಕಡಾ 22.2. ಅಮೆರಿಕದ ಎ.ಎ.ಎಫ್.ಸಿ.ಓ. ಎಂಬ ಸಂಸ್ಥೆಯ ಅಳತೆಯನ್ನು ಹಲವು ಚೀಲಗಳ ಮೇಲೆ ಉಲ್ಲೇಖಿಸಿರುತ್ತಾರೆ. ಅದರ ಪ್ರಕಾರ, ನೀರು ಕಳೆದ ಲೆಕ್ಕದಲ್ಲಿ, ಬೆಳೆದ ನಾಯಿಗೆ 18 ಸಾಕು, ಬೆಳೆಯುವ ಮರಿಗೆ 22.5 ಬೇಕು. "ಸೊನ್ನೆ ಪಾಯಿಂಟ್ ಮೂರಕ್ಕೆ ಫೇಲು ಮಾಡುತ್ತೀಯಾ?" ಎಂದು ಭಾವನವರು ಕೇಳಿದ ಧ್ವನಿಯಲ್ಲಿ ತಮ್ಮ ಎಸ್ಸೆಸ್ಸೆಲ್ಸಿಯ ಗಣಿತದ ನೋವಿತ್ತು. ನ್ಯಾಯವಾಗಿ ಹೇಳಬೇಕಾದರೆ ಚೀಲದ ಮೇಲಿನದು ಕನಿಷ್ಠ ಪ್ರಮಾಣ, ಒಳಗೆ ಅದಕ್ಕಿಂತ ಹೆಚ್ಚೂ ಇರಬಹುದು. ಹಾಗಾಗಿಯೇ ನಾನು ಅಂಕಿಯನ್ನಲ್ಲ, ವಾಕ್ಯವನ್ನು ನಂಬುವುದು. ಮರಿಗೆ ಎಂದು ಬರೆಯುವವನು ಪ್ರೋಟೀನಿನ ಜೊತೆಗೆ ಸುಣ್ಣದಂಶ, ರಂಜಕ ಮೊದಲಾದವನ್ನೂ ಬೆಳವಣಿಗೆಗೆ ಹೊಂದಿಸಬೇಕಾಗುತ್ತದೆ.

ಸುಣ್ಣದಂಶ ಎಂದದ್ದೇ ತಪ್ಪಾಯಿತು. "ಅಷ್ಟೇ ತಾನೆ, ಕ್ಯಾಲ್ಸಿಯಂ ಪುಡಿ ಬೆರೆಸಿದರಾಯಿತು" ಎಂದರು. ಜಗಳ ನಿಜವಾಗಿ ಆದದ್ದು ಇಲ್ಲಿಯೇ. ಲ್ಯಾಬ್ರಡಾರಿನಂಥ ದೊಡ್ಡ ತಳಿಯ ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಬೇಡವೆಂದು ತಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ; ಹೆಚ್ಚು ಹಾಕಿದಷ್ಟೂ ಹೆಚ್ಚು ಹೀರಿಕೊಂಡು ಮೂಳೆ, ಕೀಲು ವಕ್ರವಾಗುವ ಅಪಾಯವಿದೆ. ಬೆಳೆದಾಗ ಸುಮಾರು 32 ಕಿಲೊ ದಾಟುವ ತಳಿಗಳ ಮರಿಗಳಿಗೆ ಅದೇ ಅಳತೆಯು ಕ್ಯಾಲ್ಸಿಯಂ ಶೇಕಡಾ 1.2ಕ್ಕಿಂತ ಕಡಿಮೆಯಿರಬಾರದು, 1.8 ಮೀರಬಾರದು ಎನ್ನುತ್ತದೆ. ಗಂಡು ಲ್ಯಾಬ್ರಡಾರ್ ಆ ತೂಕವನ್ನು ಸುಲಭವಾಗಿ ಮುಟ್ಟುತ್ತದೆ. ಸಂಪೂರ್ಣ ಆಹಾರದ ಮೇಲೆ ಪುಡಿ ಉದುರಿಸುವುದೆಂದರೆ ಉಪ್ಪು ಸರಿಯಿರುವ ಸಾರಿಗೆ ಅತ್ತೆ ಬಂದು ಇನ್ನೊಂದು ಹಿಡಿ ಉಪ್ಪು ಹಾಕಿದಂತೆ.

"ನಿಮ್ಮ ಕರಿಯನಿಗೆ ಯಾವ ಚೀಲ ತಂದಿದ್ದಿರಿ?" ಎಂದು ಭಾವನವರು ಕೊನೆಯ ಬಾಣ ಬಿಟ್ಟರು. ಯಾವ ಚೀಲವೂ ಇಲ್ಲ. ಕರಿಯನಿಗೆ ನಾವು ಉಂಡು ಉಳಿದ ಮುದ್ದೆ, ಮೇಲೆ ಮಜ್ಜಿಗೆ. ಊರನಾಯಿ, ಹದಿನೈದು ಕಿಲೊ ಇದ್ದಿದ್ದರೆ ಹೆಚ್ಚು. ಅವನ ಜೊತೆ ಹುಟ್ಟಿದ ಐದು ಮರಿಗಳಲ್ಲಿ ಬದುಕಿದವನು ಅವನೊಬ್ಬನೇ ಎಂಬುದನ್ನು ನಾವು ಮುದ್ದೆಯನ್ನು ಹೊಗಳುವಾಗ ನೆನೆಯುವುದಿಲ್ಲ. ಅವನದು ಒಂದೇ ಒಂದು ಫೋಟೊ ಇದೆ, ರೀಲು ಕ್ಯಾಮೆರಾದಲ್ಲಿ ಅಪ್ಪ ತೆಗೆದದ್ದು. ಅದರಲ್ಲಿಯೂ ಅರ್ಧ ಮುಖದ ಮೇಲೆ ಅಪ್ಪನ ಬೆರಳು ಮಸುಕಾಗಿ ಬಂದಿದೆ. ಆ ಮಾತನ್ನು ಭಾವನವರಿಗೆ ಹೇಳಲಿಲ್ಲ. ದನಿ ಸ್ವಲ್ಪ ತಗ್ಗಿಸಿ, ಚೀಲವನ್ನು ಇನ್ನೂ ಒಡೆದಿಲ್ಲವಾದ್ದರಿಂದ ಬದಲಾಯಿಸಿಕೊಂಡು ಬನ್ನಿ ಎಂದಷ್ಟೇ ಕೇಳಿಕೊಂಡೆ.

ಅಷ್ಟರಲ್ಲಿ ಮರಿ ಕೊಟ್ಟವರೂ ತಮ್ಮ ಚೀಲದ ಫೋಟೊ ಕಳುಹಿಸಿದರು. ಚೀಲ ಕೆಂಪೇ, ಆದರೆ ಬೇರೆಯೇ ಕಂಪನಿಯದು. ಅದೂ ತಾಯಿಗೂ ಹಾಲು ಬಿಡುವ ಮರಿಗೂ ಕೊಡುವ ಸ್ಟಾರ್ಟರ್ ಆಹಾರ. ಎರಡು ತಿಂಗಳವರೆಗೆ ಎಂದು ಅದರ ಮೇಲೆಯೇ ಬರೆದಿತ್ತು. ಎರಡೂವರೆ ತಿಂಗಳ ಬೋಂಡನಿಗೆ "ಇದನ್ನೇ ಮುಂದುವರಿಸಿ" ಎಂದದ್ದಕ್ಕೆ ಅರ್ಥವೇ ಇರಲಿಲ್ಲ, ನಮ್ಮ ಮೂರು ದಿನದ ಪತ್ತೇದಾರಿಕೆಗೂ ಇರಲಿಲ್ಲ. ಹಾಗಾಗಿ ದೊಡ್ಡ ತಳಿಯ ಮರಿಗೆ ಎಂದು ಬರೆದ ಚೀಲ ತರಿಸುವುದೆಂದು ತೀರ್ಮಾನವಾಯಿತು. ಉಳಿದ ಹಿಡಿ ಕಾಳಿಗೆ ಮರಿ ಕೊಟ್ಟವರಿಂದ ಇನ್ನೊಂದು ಕಿಲೊ ಸೇರಿಸಿಕೊಂಡು, ಮೊದಲ ಎರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಒಂದು ವಾರದಲ್ಲಿ ಬದಲಾಯಿಸಬೇಕು. ಒಮ್ಮೆಲೇ ಬದಲಾಯಿಸಿದರೆ ಭೇದಿಯಾಗಿ ಅಕ್ಕನ ಹೊಸ ಟೈಲ್ಸಿಗೆ ಗತಿಯಿಲ್ಲ.

ಬುಧವಾರ ಸಂಜೆ ಡಾಕ್ಯುಮೆಂಟ್ ಆಗಿಯೇ ಫೋಟೊ ಬಂದಿತು. ಚೀಲ ಮೇಜಿನ ಮೇಲೆ ಅಂಗಾತ ಮಲಗಿದೆ, ಮಡಿಕೆಯಿಲ್ಲ, ಹೊಳಪಿಲ್ಲ, ಬೆಳವಣಿಗೆಯ ಹಂತಕ್ಕೆ ಎಂಬ ವಾಕ್ಯ ಮುತ್ತಿನಂತೆ ಕಾಣುತ್ತಿದೆ. ಆ ವಾಕ್ಯ ನನಗೆ ತಪ್ಪಿಹೋಗಬಾರದೆಂದು ಭಾವನವರು ಅದರ ಕೆಳಗೆ ಹೆಬ್ಬೆರಳಿಟ್ಟು ತೋರಿಸಿದ್ದಾರೆ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಸರಿಯಾಗಿದೆ ಭಾವ, ತಯಾರಾದ ದಿನಾಂಕವನ್ನೂ ಒಮ್ಮೆ ನೋಡಿಬಿಡಿ" ಎಂದು ಬರೆದೆ.

"ಅದನ್ನೇ ಹುಡುಕುತ್ತಿದ್ದೇನೆ, ಈ ಚೀಲದ ಮೇಲೆ ಹಾಕಿಯೇ ಇಲ್ಲ" ಎಂದು ಉತ್ತರ ಬಂದಿತು. ಫೋಟೊವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದೆ. ಹೆಬ್ಬೆರಳಿನ ಎಡಬದಿಯಿಂದ "ತಯಾರಿಕೆ" ಎಂಬುದರ ಮೊದಲ ಅಕ್ಷರ ಇಣುಕುತ್ತಿತ್ತು.