ಸತ್ಯಾಂಶ: ಶ್ವಾಸಕೋಶ ಹುಟ್ಟಿದ ಮೇಲೂ ಕಟ್ಟಿಕೊಳ್ಳುತ್ತದೆ

ಫಾರ್ವರ್ಡ್ ಸಂದೇಶ: “ಮಗು ಹುಟ್ಟುವಾಗಲೇ ಶ್ವಾಸಕೋಶ ಪೂರ್ಣವಾಗಿರುತ್ತದೆ. ಚಿಕ್ಕಂದಿನ ಹೊಗೆ, ಕಫ ಎಲ್ಲವೂ ಬೆಳೆದಂತೆ ತಾನಾಗಿಯೇ ಸರಿಹೋಗುತ್ತದೆ. ನಿಜವೇ?”

ನಿಜವಲ್ಲ. ರಕ್ತಕ್ಕೆ ಆಮ್ಲಜನಕ ಸೇರುವುದು ಶ್ವಾಸಕೋಶದೊಳಗಿನ ಪುಟ್ಟ ಗಾಳಿಗೂಡುಗಳಲ್ಲಿ. ನವಜಾತ ಶಿಶುವಿನಲ್ಲಿ ಇವು ಸುಮಾರು 5 ಕೋಟಿ ಅಥವಾ ಅದಕ್ಕೂ ಕಡಿಮೆ. ವಯಸ್ಕರಲ್ಲಿ 30 ಕೋಟಿಗೂ ಹೆಚ್ಚು. ಗೂಡಿನ ಗೋಡೆಯಿಂದ ಹೊಸ ತೆಳುಪದರ ಎದ್ದು ಒಂದನ್ನು ಎರಡಾಗಿಸುತ್ತದೆ. ಈ ಕೆಲಸ ಮೊದಲ ಎರಡು ಮೂರು ವರ್ಷಗಳಲ್ಲಿ ಅತಿ ವೇಗವಾಗಿ ನಡೆದು, ನಂತರ ನಿಧಾನವಾಗಿ ಮುಂದುವರಿಯುತ್ತದೆ. ಆ ವಯಸ್ಸಿನಲ್ಲಿ ನ್ಯುಮೋನಿಯಾ ಆದವರಲ್ಲಿ ಕೆಲವರಿಗೆ ದೊಡ್ಡವರಾದಾಗಲೂ ಉಸಿರಿನ ಸಾಮರ್ಥ್ಯ ಕಡಿಮೆ ಇರುವುದು ಕಂಡುಬಂದಿದೆ. ಎಲ್ಲರಿಗೂ ಹಾಗಾಗುವುದಿಲ್ಲ, ಒಂದು ನೆಗಡಿಗೆ ಹೆದರಬೇಕಾಗಿಲ್ಲ.

ಮಾಲಿನ್ಯದ ಬಗ್ಗೆ ಗಟ್ಟಿ ಸಾಕ್ಷ್ಯ ದಕ್ಷಿಣ ಕ್ಯಾಲಿಫೋರ್ನಿಯಾದ್ದು. ಅಲ್ಲಿನ 12 ಊರುಗಳ ಮಕ್ಕಳನ್ನು 10ರಿಂದ 18 ವರ್ಷದವರೆಗೆ ಸಂಶೋಧಕರು ಹಿಂಬಾಲಿಸಿದರು. ಮೊದಲ ಸೆಕೆಂಡಿನಲ್ಲಿ ಜೋರಾಗಿ ಊದಿದ ಗಾಳಿ ನಿರೀಕ್ಷಿತ ಪ್ರಮಾಣದ ಶೇ. 80ಕ್ಕಿಂತ ಕಡಿಮೆಯಿದ್ದವರು, ಸೂಕ್ಷ್ಮ ಕಣಗಳು ಅತಿ ಕಡಿಮೆಯಿದ್ದ ಊರಿನಲ್ಲಿ ಶೇ. 1.6, ಅತಿ ಹೆಚ್ಚಿದ್ದ ಊರಿನಲ್ಲಿ ಶೇ. 7.9. ಈ ಸ್ಪೈರೋಮೆಟ್ರಿ ಪರೀಕ್ಷೆ ಗೂಡುಗಳನ್ನು ಎಣಿಸುವುದಿಲ್ಲ, ಶ್ವಾಸನಾಳಗಳ ಸ್ಥಿತಿಯೂ ಅದರಲ್ಲಿ ಸೇರಿರುತ್ತದೆ ಎಂಬುದನ್ನು ಮರೆಯಬಾರದು.

ಸಾಮರ್ಥ್ಯ ಇಪ್ಪತ್ತರ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಆಮೇಲೆ ಎಲ್ಲರಲ್ಲೂ ಇಳಿಯುತ್ತದೆ. ಶಿಖರವೇ ತಗ್ಗಾಗಿದ್ದರೆ ಏದುಸಿರಿನ ಕಾಯಿಲೆ ಬೇಗ ಬರಬಹುದು. ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿಯೆಂದರೆ, ಅದೇ ಪ್ರದೇಶದಲ್ಲಿ ಗಾಳಿ ಶುದ್ಧವಾದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಹೆಚ್ಚು ಬೆಳೆಯಿತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.