ಹೊಸ ಖಡಕ್ ರೊಟ್ಟಿಗೆ ತಾಲ್ಲೂಕಿಗೊಬ್ಬನೇ ಏಜೆಂಟ್ ಇರಬೇಕೇ?

ಕಲಬುರಗಿಯಲ್ಲಿ ಜೋಳದ ಖಡಕ್ ರೊಟ್ಟಿಯನ್ನು ಪ್ಯಾಕೆಟ್ ಮಾಡಿ ಮಾರುವ ಹೊಸ ಘಟಕವೊಂದು ಸೇಡಂ ತಾಲ್ಲೂಕಿಗೆ ಏಜೆಂಟನನ್ನು ಹುಡುಕುತ್ತಿದೆ ಎಂದುಕೊಳ್ಳೋಣ. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ ಎಂಆರ್‌ಪಿ 100 ರೂಪಾಯಿ. ಘಟಕ ಏಜೆಂಟನಿಗೆ 72ಕ್ಕೆ ಕೊಡುತ್ತದೆ, ಅವನು ಅಂಗಡಿಗೆ 80ಕ್ಕೆ ಹಾಕುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಯ ಮೇಲೆ ಜಿಎಸ್‌ಟಿ ಇಲ್ಲವಾದ್ದರಿಂದ ಲೆಕ್ಕ ಇಷ್ಟೇ. ಕೇಳಲು ಬಂದ ಯುವಕ ಹಾಕುವ ಮೊದಲ ಪ್ರಶ್ನೆ ಒಂದೇ: "ಸೇಡಂ ಪೂರ್ತಿ ನನಗೇ ಬರೆದು ಕೊಡುತ್ತೀರಾ?" ಕೊಡಬೇಕೆನ್ನುವವರೂ ಕೊಡಬಾರದೆನ್ನುವವರೂ ಈ ವ್ಯಾಪಾರದಲ್ಲಿ ಇದ್ದಾರೆ.

ಪರ: ಬರೆದು ಕೊಡಿ, ಆಮೇಲೆ ದುಡಿಮೆ ಕೇಳಿ

ಮೊದಲು ಆ ಯುವಕನ ಜೇಬು ನೋಡೋಣ. ಹೆಸರೇ ಕೇಳದ ರೊಟ್ಟಿಯನ್ನು ಸೇಡಂ ಪೇಟೆಯ ನಲವತ್ತು ಅಂಗಡಿಗಳು ಇಟ್ಟುಕೊಂಡರೆ ಅದೇ ದೊಡ್ಡದು. ಒಂದೊಂದು ಅಂಗಡಿ ವಾರಕ್ಕೆ ಐದು ಪ್ಯಾಕೆಟ್ ಮಾರಿದರೆ ತಿಂಗಳಿಗೆ 800 ಪ್ಯಾಕೆಟ್. ಪ್ಯಾಕೆಟ್ಟಿಗೆ 8 ರೂಪಾಯಿಯಂತೆ ಅವನಿಗೆ ಸಿಗುವುದು 6,400. ವಾರಕ್ಕೆ ಎರಡು ದಿನ ಅಂಗಡಿಯಿಂದ ಅಂಗಡಿಗೆ ಮಾಲು ಹಾಕುತ್ತ ಲೈನ್ ಸುತ್ತುವ ಹುಡುಗನ ಕೂಲಿ, ದಿನಕ್ಕೆ 500ರಂತೆ, 4,000. ಗಾಡಿಗೆ ಎಣ್ಣೆ 2,500. ಅಲ್ಲಿಗೇ ನೂರು ರೂಪಾಯಿ ಕಡಿಮೆ ಬಿತ್ತು. ಇನ್ನು ನೂರಕ್ಕೆ ಮೂರು ಪ್ಯಾಕೆಟ್ ಮುರಿದುಹೋದರೂ, ಆ ನಷ್ಟ ಅವನ ತಲೆಗೇ ಬಂದರೆ, ತಿಂಗಳಿಗೆ 1,800 ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ.

ಈ ನಷ್ಟದ ತಿಂಗಳುಗಳಲ್ಲಿ ಅವನು ಮಾಡುವ ಕೆಲಸವಾದರೂ ಏನು? ಅಂಗಡಿಯವರ ಮುಂದೆ ಪ್ಯಾಕೆಟ್ ಒಡೆದು ರೊಟ್ಟಿಯ ಚೂರು ಕೊಟ್ಟು ತಿನ್ನಿಸುತ್ತಾನೆ. ಬಿಸ್ಕತ್ತಿನ ಡಬ್ಬಗಳ ಹಿಂದೆ ಹೋದ ರೊಟ್ಟಿಯನ್ನು ಎದುರಿಗೆ ತಂದಿಡುತ್ತಾನೆ. ಉದ್ರಿ ಕೊಟ್ಟು ಹದಿನೈದು ದಿನ ಕಾಯುತ್ತಾನೆ. ಹೀಗೆ ಆರು ತಿಂಗಳು ಕಾದಾಡಿದರೆ ಅದೇ ನಲವತ್ತು ಅಂಗಡಿಗಳು ವಾರಕ್ಕೆ ಎಂಟೆಂಟು ಪ್ಯಾಕೆಟ್ ತೆಗೆದುಕೊಳ್ಳುವಂತಾಗಬಹುದು. ಆಗ ತಿಂಗಳಿಗೆ 1,280 ಪ್ಯಾಕೆಟ್. ಮುರಿದ ಮಾಲಿನ ನಷ್ಟವನ್ನು ಘಟಕವೇ ಹೊತ್ತುಕೊಂಡರೆ ಖರ್ಚು ಕಳೆದು ಅವನಿಗೆ ಉಳಿಯುವುದು 3,740 ರೂಪಾಯಿ. ಹತ್ತು ದಿನದ ಸ್ಟಾಕು, ಹದಿನೈದು ದಿನದ ಉದ್ರಿ ಸೇರಿ ಅವನು ಸುಮಾರು 82,000 ರೂಪಾಯಿ ತೊಡಗಿಸಿರುತ್ತಾನೆ. ಆ ಬಂಡವಾಳಕ್ಕೆ ಇದು ಒಳ್ಳೆಯ ಗಳಿಕೆಯೇ.

ಸರಿಯಾಗಿ ಆಗಲೇ ಎರಡನೆಯವನು ಬರುತ್ತಾನೆ. ರುಚಿ ಹತ್ತಿಸುವ ಕಷ್ಟ ಅವನಿಗಿಲ್ಲ. ಅದೇ ಅಂಗಡಿಗೆ ಹೋಗಿ "ನಾನು 78ಕ್ಕೆ ಕೊಡುತ್ತೇನೆ" ಎಂದರೆ ಸಾಕು. ಮೊದಲಿನವನೂ ಎರಡು ರೂಪಾಯಿ ಇಳಿಸಬೇಕು. 1,280 ಪ್ಯಾಕೆಟ್ಟಿಗೆ ಎರಡು ರೂಪಾಯಿ ಎಂದರೆ 2,560. ಆರು ತಿಂಗಳ ದುಡಿಮೆಯ ಫಲದಲ್ಲಿ ಅವನಿಗೆ ಉಳಿಯುವುದು 1,180 ರೂಪಾಯಿ. ಈ ಅನ್ಯಾಯ ಆಗುತ್ತದೆಂದು ಮೊದಲೇ ತಿಳಿದವನು ಮೊದಲ ಚೂರನ್ನು ಯಾಕೆ ತಿನ್ನಿಸಲು ಹೋದಾನು? ಪ್ರದೇಶವನ್ನು ಬರೆದು ಕೊಡುವುದು ಅವನಿಗೆ ಮಾಡುವ ಉಪಕಾರವಲ್ಲ. ಅವನು ಮುಂದಾಗಿ ಹೊತ್ತ ನಷ್ಟಕ್ಕೆ ಘಟಕ ಕೊಡಬಹುದಾದ ಭದ್ರತೆ ಅದೊಂದೇ, ಏಕೆಂದರೆ ಸಂಬಳ ಕೊಟ್ಟು ಸೇಲ್ಸ್‌ಮನ್ ಇಡುವ ಶಕ್ತಿ ಹೊಸ ಘಟಕಕ್ಕೆ ಇರುವುದಿಲ್ಲ.

ಮುರಿಯುವ ಮಾಲಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸಾಬೂನಾದರೆ ಯಾರು ಒಯ್ದರೂ ಒಂದೇ. ಖಡಕ್ ರೊಟ್ಟಿ ಹಾಗಲ್ಲ. ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರೆ ಅಂಚು ಮುರಿಯುತ್ತದೆ, ಮೇಲೆ ಎಣ್ಣೆಯ ಡಬ್ಬ ಹೇರಿದರೆ ನಡುವೆಯೇ ಸೀಳುತ್ತದೆ. ಮಳೆಗಾಲದಲ್ಲಿ ಪ್ಯಾಕೆಟ್ಟಿನ ಅಂಟು ಸ್ವಲ್ಪ ಬಿಟ್ಟರೂ ರೊಟ್ಟಿ ಮೆತ್ತಗಾಗಿ ಚರ್ಮದಂತೆ ಬಾಗುತ್ತದೆ. ಒಬ್ಬನೇ ಏಜೆಂಟ್ ಇದ್ದರೆ ತಪ್ಪು ಎಲ್ಲಿ ಆಯಿತೆಂದು ಹಿಡಿಯಬಹುದು. ಅವನ ಉಗ್ರಾಣಕ್ಕೆ ಬಂದಾಗಲೇ ಮುರಿದಿದ್ದರೆ ತಪ್ಪು ಘಟಕದ್ದು ಅಥವಾ ಲಾರಿಯದ್ದು. ಅಂಗಡಿಯಲ್ಲಿ ಮುರಿದಿದ್ದರೆ ಲೈನ್ ಹುಡುಗನದ್ದು. ಮೂವರು ಒಂದೇ ಪೇಟೆಗೆ ಮಾಲು ಹಾಕಿದರೆ ಅಂಗಡಿಯವನು ಎಲ್ಲರ ಚೂರನ್ನೂ ಒಬ್ಬನ ಕೈಗೆ ಕೊಟ್ಟು ಬದಲಿ ಕೇಳುತ್ತಾನೆ.

ಬರೆದು ಕೊಡುವುದೆಂದರೆ ಕಣ್ಣು ಮುಚ್ಚಿ ಕೊಡುವುದೆಂದು ಅರ್ಥವಲ್ಲ. ಮೊದಲು ಅವನು ಈಗ ಹೋಗುವ ಹತ್ತು ಅಂಗಡಿಗಳಲ್ಲಿ ವಿಚಾರಿಸಬೇಕು: ಹೇಳಿದ ದಿನವೇ ಬರುತ್ತಾನೆಯೇ, ಹಾಳಾದ ಮಾಲನ್ನು ತಕರಾರಿಲ್ಲದೆ ಒಯ್ಯುತ್ತಾನೆಯೇ? ಆಮೇಲೆ ಉಗ್ರಾಣದೊಳಗೆ ಹೋಗಿ ನಿಂತು ಮೂಸಿ ನೋಡಬೇಕು. ಊದಿನಕಡ್ಡಿ, ಸಾಬೂನು ಇಟ್ಟ ಕೋಣೆಯಲ್ಲಿ ಒಂದು ವಾರ ಇದ್ದ ರೊಟ್ಟಿಗೆ ಆ ವಾಸನೆ ಹತ್ತುತ್ತದೆ, ಅದನ್ನು ಯಾವ ಶೇಂಗಾ ಹಿಂಡಿಯೂ ಮರೆಸಲಾರದು. ಎಫ್‌ಎಸ್‌ಎಸ್‌ಎಐ ನೋಂದಣಿ ಏಜೆಂಟನಿಗೂ ಬೇಕು. ಇಲ್ಲದಿದ್ದರೆ ಘಟಕದವರೇ ಜೊತೆಗೆ ಕುಳಿತು ಮಾಡಿಸಿಕೊಡಲಿ. ಇಷ್ಟಾದ ಮೇಲೆ ಆರು ತಿಂಗಳ ಮಟ್ಟಿಗೆ ಪ್ರದೇಶ ಬರೆದು ಕೊಟ್ಟು, ಆ ಆರು ತಿಂಗಳಲ್ಲಿ ಮಧ್ಯೆ ಯಾರನ್ನೂ ನುಗ್ಗಿಸುವುದಿಲ್ಲವೆಂಬ ಮಾತನ್ನು ಉಳಿಸಿಕೊಳ್ಳಬೇಕು.

ವಿರೋಧ: ಗಡಿ ಬರೆದರೆ ಹಳ್ಳಿ ಹೊರಗುಳಿಯುತ್ತದೆ

ಮೇಲಿನ ಲೆಕ್ಕ ಸರಿಯಾಗಿಯೇ ಇದೆ. ಅದನ್ನು ಪೇಟೆಯ ಆಚೆಗೂ ಒಯ್ದು ನೋಡಬೇಕು.

ಸೇಡಂ ಪೇಟೆಯಲ್ಲಿ ನಲವತ್ತು ಅಂಗಡಿ ಹಿಡಿದು 3,740 ರೂಪಾಯಿ ಉಳಿಸಿಕೊಳ್ಳುತ್ತಿರುವ ಏಜೆಂಟನಿಗೆ "ಮಳಖೇಡ, ಕುರಕುಂಟಾ ಕಡೆಗೂ ಹೋಗು" ಎಂದು ಹೇಳಿ ನೋಡಿ. ವಾರಕ್ಕೆ ಇನ್ನೊಂದು ದಿನ ಹುಡುಗನನ್ನು ಕಳಿಸಬೇಕು. ಕೂಲಿ, ಎಣ್ಣೆ ಸೇರಿ ತಿಂಗಳಿಗೆ 3,000 ಖರ್ಚು. ಅಲ್ಲಿ ಹತ್ತು ಅಂಗಡಿಗಳು ವಾರಕ್ಕೆ ಐದು ಪ್ಯಾಕೆಟ್ ತೆಗೆದುಕೊಂಡರೆ 200 ಪ್ಯಾಕೆಟ್, ಅಂದರೆ 1,600 ರೂಪಾಯಿ. ಹೋದರೆ 1,400 ನಷ್ಟ. ಅವನು ಹೋಗುವುದಿಲ್ಲ. ಇದು ಸೋಮಾರಿತನವಲ್ಲ, ನಾವಾದರೂ ಹಾಗೆಯೇ ಮಾಡುತ್ತಿದ್ದೆವು. ಎಷ್ಟು ಹುರಿದುಂಬಿಸಿದರೂ, ಗಡಿಯಾರದ ಬಹುಮಾನ ಕೊಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ.

ಆದರೆ ಆ ದಾರಿಯಲ್ಲಿ ಈಗಾಗಲೇ ಬ್ರೆಡ್ಡು, ಟೋಸ್ಟು, ಖಾರಿ ಹಾಕುತ್ತ ಹೋಗುವವನೊಬ್ಬ ಇರುತ್ತಾನೆ. ಗಾಡಿ ಅವನದೇ, ಹುಡುಗನೂ ಇದ್ದಾನೆ, ಹೋಗುವ ದಿನವೂ ನಿಶ್ಚಿತ. ರೊಟ್ಟಿ ಹೇರಿಕೊಂಡರೆ ಅವನಿಗೆ ಹೆಚ್ಚಿನ ಖರ್ಚು ಬಹುತೇಕ ಇಲ್ಲ. ಅದೇ 1,600 ರೂಪಾಯಿ ಅವನಿಗೆ ಪೂರ್ತಿ ಲಾಭ. ಒಗ್ಗರಣೆಗೆ ಕರಿಬೇವು ಬಿದ್ದಂತೆ ರೊಟ್ಟಿ ಅವನ ವ್ಯಾಪಾರಕ್ಕೆ ಹೊಂದಿಕೊಳ್ಳುತ್ತದೆ. ಇಡೀ ತಾಲ್ಲೂಕನ್ನು ಒಬ್ಬನ ಹೆಸರಿಗೆ ಬರೆದ ದಿನವೇ ಈ ಬ್ರೆಡ್ಡಿನವನಿಗೆ ಬಾಗಿಲು ಹಾಕಿದಂತಾಯಿತು. ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರು ಊಟ ಮಾಡುವ ಖಾನಾವಳಿಗಳೂ, ಹಾಸ್ಟೆಲ್ ಮೆಸ್ಸುಗಳೂ ಅದೇ ಒಪ್ಪಂದದೊಳಗೆ ಸಿಕ್ಕಿಬೀಳುತ್ತವೆ. ಖಾನಾವಳಿಗೆ ಬೇಕಾದದ್ದು ಅಂದದ ಪ್ಯಾಕೆಟ್ ಅಲ್ಲ, ನೂರು ರೊಟ್ಟಿಯ ಕಟ್ಟು. ಕಿರಾಣಿ ಲೈನಿನವನು ಅಲ್ಲಿಗೆ ಕಾಲಿಡುವುದೇ ಇಲ್ಲ.

ಆದ್ದರಿಂದ ಕೊಡಬೇಕಾದದ್ದು ತಾಲ್ಲೂಕನ್ನಲ್ಲ, ಅಂಗಡಿಗಳ ಪಟ್ಟಿಯನ್ನು. ಈ ನಲವತ್ತು ಅಂಗಡಿ ನಿನ್ನವು, ಹೆಸರು ಸಹಿತ ಬರೆದಿದೆ, ಇನ್ನೊಬ್ಬ ಏಜೆಂಟ್ ಅಲ್ಲಿಗೆ ಬರುವುದಿಲ್ಲ. ಎರಡು ತಿಂಗಳು ಹೋಗದೆ ಬಿಟ್ಟ ಅಂಗಡಿ ಪಟ್ಟಿಯಿಂದ ಹೊರಗೆ. 78ಕ್ಕೆ ಇಳಿಸುವವನ ಭಯ ನಿಜವಾದದ್ದೇ. ಅದಕ್ಕೆ ಪ್ರತಿ ಪೆಟ್ಟಿಗೆಯಲ್ಲಿರುವ ಪ್ಯಾಕೆಟ್ಟುಗಳ ಮೇಲೆ ಬ್ಯಾಚ್ ಸಂಖ್ಯೆಯ ಪಕ್ಕ ಏಜೆಂಟನ ಒಂದಕ್ಷರದ ಗುರುತು ಒತ್ತಬೇಕು. ಬೇರೆಯವನ ಅಂಗಡಿಯಲ್ಲಿ ಆ ಗುರುತು ಕಂಡರೆ ಮಾಲು ಎಲ್ಲಿಂದ ಸೋರಿತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಪ್ರದೇಶ ಬರೆದು ಕೊಡುವ ಕ್ರಮದಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ. ಪ್ರದೇಶ ಕೊಟ್ಟವರು ಪ್ರತಿಯಾಗಿ ಟಾರ್ಗೆಟ್ ಕೇಳುತ್ತಾರೆ. ಟಾರ್ಗೆಟ್ ಮುಟ್ಟಿಸಲು ಏಜೆಂಟ್ ತಿಂಗಳ ಕೊನೆಯ ವಾರ ಘಟಕದಿಂದ ಮಾಲು ಎತ್ತುತ್ತಾನೆ. ಘಟಕದ ಪುಸ್ತಕದಲ್ಲಿ ಅದು ಮಾರಾಟವೆಂದು ಕಾಣುತ್ತದೆ, ರೊಟ್ಟಿಯೋ ಅವನ ಕೋಣೆಯಲ್ಲೇ ಕುಳಿತಿರುತ್ತದೆ. ವಾರಕ್ಕೆ 200 ಪ್ಯಾಕೆಟ್ ಹೋಗುವ ಕಡೆ 1,200 ಎತ್ತಿದರೆ ಅದು ಆರು ವಾರದ ಸ್ಟಾಕು. ಪ್ಯಾಕೆಟ್ಟಿನ ಮೇಲೆ ಅರವತ್ತು ದಿನದ ಅವಧಿ ಒತ್ತಿದ್ದರೆ, ಕೊನೆಯ ಪೆಟ್ಟಿಗೆ ಅಂಗಡಿಗೆ ಮುಟ್ಟುವಾಗ ಹದಿನೆಂಟು ದಿನ ಉಳಿದಿರುತ್ತದೆ. ತಾರೀಖು ನೋಡುವ ಅಂಗಡಿಯವನು ಬೇಡವೆನ್ನುತ್ತಾನೆ, ನೋಡದವನ ಗಿರಾಕಿ ಹಳೆಯ ರೊಟ್ಟಿ ತಿಂದು ಮತ್ತೆ ಕೊಳ್ಳುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯಾದರೆ ಇನ್ನೂ ಬೇಗ ಕಮಟು ವಾಸನೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಬೇಡಿಕೆ ಏರುತ್ತದೆಂದು ಒಮ್ಮೆಲೇ ಹೇರಿ, ಹಬ್ಬ ಕಳೆದ ಮೇಲೆ ವಾಪಸು ಬಂದ ಪೆಟ್ಟಿಗೆಗಳನ್ನು ಎಣಿಸುವುದು ಈ ಧಂಧೆಯ ಹಳೆಯ ನೋವು. ಇದನ್ನು ಮೊದಲೇ ಗುರುತಿಸಲು ಒಂದು ದಾರಿ ಇದೆ: ತಿಂಗಳ ಒಟ್ಟು ಎತ್ತುವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಯ ವಾರವೇ ಆಗಿದ್ದರೆ ಮರುದಿನವೇ ಅವನ ಉಗ್ರಾಣಕ್ಕೆ ಹೋಗಿ ಎಣಿಸಬೇಕು.

ಬಹುಮಾನವನ್ನು ಎತ್ತಿದ ಮಾಲಿಗೆ ಕೊಡದೆ, ಮೂರನೇ ಸಲ ಆರ್ಡರ್ ಕೊಟ್ಟ ಅಂಗಡಿಗೆ ಇಷ್ಟು ಎಂದು ಕೊಡಬೇಕು. ಮೊದಲ ಆರ್ಡರ್ ಮುಲಾಜಿಗೆ ಬರುತ್ತದೆ, ಎರಡನೆಯದು ಕುತೂಹಲಕ್ಕೆ. ಮೂರನೆಯದು ಗಿರಾಕಿ ಕೇಳಿದ್ದರಿಂದಲೇ ಬರುತ್ತದೆ. ಅದರ ಜೊತೆಗೆ ಮುರಿದ ಮಾಲಿನ ಹಣವನ್ನು ಒಂದು ವಾರದೊಳಗೆ ಮುಂದಿನ ಬಿಲ್ಲಿನಲ್ಲಿ ಕಳೆದು ಕೊಡಬೇಕು. ಸಣ್ಣ ಏಜೆಂಟರು ಕೈಬಿಡುವುದು ಕಮಿಷನ್ ಕಡಿಮೆಯಾಯಿತೆಂದಲ್ಲ, ಡ್ಯಾಮೇಜಿನ ಹಣಕ್ಕಾಗಿ ಮೂರು ತಿಂಗಳು ಫೋನ್ ಮಾಡಿ ಸಾಕಾಯಿತೆಂದು.

ಠೇವಣಿಯ ಮಾತೂ ಇಲ್ಲೇ ಬರುತ್ತದೆ. ಪ್ರದೇಶ ಬರೆದು ಕೊಡುವವರು ಫ್ರಾಂಚೈಸಿ ಎಂಬ ಹೆಸರಿಟ್ಟು ಐವತ್ತು ಸಾವಿರ, ಒಂದು ಲಕ್ಷ ಕೇಳುವುದುಂಟು. ತಿಂಗಳಿಗೆ 3,740 ಗಳಿಸಿಕೊಡುವ ಕೆಲಸಕ್ಕೆ ಐವತ್ತು ಸಾವಿರ ಕಟ್ಟಿಸಿಕೊಂಡರೆ ಅದನ್ನು ದುಡಿದು ತೀರಿಸಲು ಅವನಿಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕು, ಅದೂ ವ್ಯಾಪಾರ ಕುದುರಿದ ಮೇಲೆ. ಅಂಥ ಘಟಕದ ಆದಾಯ ರೊಟ್ಟಿಯಿಂದಲ್ಲ, ಹೊಸ ಏಜೆಂಟರಿಂದ ಬರುತ್ತಿದೆ ಎಂದೇ ತಿಳಿಯಬೇಕು. ಊರಿನ ಹುಡುಗರು ಮನೆಯ ಒಡವೆ ಅಡವಿಟ್ಟು ಈ ಹಣ ತರುತ್ತಾರೆಂಬುದು ಕೇಳುವವರಿಗೆ ನೆನಪಿರಲಿ. ಮೊದಲ ಸ್ಟಾಕಿಗೆ ನಗದು ತೆಗೆದುಕೊಳ್ಳಿ, ಅಷ್ಟು ಸಾಕು.

ಕೊನೆಗೆ ಕಾನೂನಿನ ಮಾತು. ಒಪ್ಪಂದ ಜಾರಿಯಲ್ಲಿರುವಾಗ ಬೇರೆಯವರ ರೊಟ್ಟಿ ಮಾರಬೇಡವೆಂದು ಏಜೆಂಟನಿಗೆ ಷರತ್ತು ಹಾಕಬಹುದು. ಒಪ್ಪಂದ ಮುಗಿದ ಮೇಲೂ ಮಾರಬೇಡವೆಂದು ಬರೆಸಿಕೊಂಡರೆ ಅದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ಅಂದರೆ ತಾಲ್ಲೂಕನ್ನು ಪೂರ್ತಿ ಒಬ್ಬನಿಗೆ ಒಪ್ಪಿಸಿ ಕುಳಿತ ಘಟಕ, ಅವನು ಇನ್ನೊಂದು ರೊಟ್ಟಿಯ ಏಜೆನ್ಸಿ ಹಿಡಿದ ದಿನ, ತನ್ನ ಮಾಲು ಯಾವ ಯಾವ ಅಂಗಡಿಯಲ್ಲಿತ್ತೆಂಬುದನ್ನೂ ಅವನನ್ನೇ ಕೇಳಬೇಕಾಗುತ್ತದೆ. ಅಂಗಡಿಯ ಹೆಸರು, ಮಾಲೀಕರ ಮೊಬೈಲ್ ಸಂಖ್ಯೆ, ವಾರಕ್ಕೆ ಎಷ್ಟು ಪ್ಯಾಕೆಟ್ ಎಂಬ ಪಟ್ಟಿ ಮೊದಲ ದಿನದಿಂದಲೇ ಘಟಕದ ಕೈಯಲ್ಲಿದ್ದರೆ ಸೋಮವಾರ ಬಿಟ್ಟುಹೋದವನ ಲೈನಿಗೆ ಗುರುವಾರ ಇನ್ನೊಬ್ಬನನ್ನು ಕಳಿಸಬಹುದು.